ಕೂದಲು ಮತ್ತು ಭುಜದ ಸುತ್ತಲಿನ ನೇರಳೆ, ಹಸಿರು ಫ್ರಿಂಜ್ ತೆಗೆಯುವ ಬಗೆ: ಬೆಳಕಿಗೆ ಬೆನ್ನು ಕೊಟ್ಟ ಒಂದು ಭಾವಚಿತ್ರದ ತಿದ್ದುಪಡಿ

ಕಲ್ಯಾಣಮಂಟಪದ ದೊಡ್ಡ ಕಿಟಕಿಗೆ ಬೆನ್ನು ಕೊಟ್ಟು ವಧು ನಿಂತಿದ್ದಾಳೆ. ಹೊರಗೆ ಬೆಳಗಿನ ಬಿಸಿಲು ಸುಣ್ಣದ ಗೋಡೆಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿದೆ, ಒಳಗೆ ಮುಖದ ಮೇಲಿರುವುದು ತೆಳುವಾದ ನೆರಳಿನ ಬೆಳಕು ಮಾತ್ರ. ತಲೆಗೆ ಮೊಗ್ಗಿನ ಜಡೆ, ಮೈಮೇಲೆ ಬದನೆಕಾಯಿ ಬಣ್ಣದ ರೇಷ್ಮೆ ಸೀರೆ, ಅದಕ್ಕೆ ಅಗಲವಾದ ಜರಿಯಂಚು. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾಗೆ 85 ಎಂ.ಎಂ. ಲೆನ್ಸ್ ಹಾಕಿ, ಅಪರ್ಚರನ್ನು f/1.8ರವರೆಗೆ ಪೂರ್ತಿ ತೆರೆದು, ಸುಮಾರು ಎರಡು ಮೀಟರ್ ದೂರದಿಂದ ತೆಗೆದ ಚಿತ್ರವಿದು. ಫೋಕಸ್ ಹತ್ತಿರದ ಕಣ್ಣಿನ ಮೇಲೆ ಸರಿಯಾಗಿ ಕೂತಿದೆ. ಆದರೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಹಣೆಯ ಬಳಿಯ ಬಿಡಿಕೂದಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿದೆ, ಕ್ಯಾಮೆರಾದಿಂದ ದೂರವಿರುವ ಭುಜದ ಉದ್ದಕ್ಕೂ ಹಸಿರು ಗೆರೆಯೊಂದು ಎಳೆದಂತಿದೆ. ಈ ಎರಡನ್ನೂ ತೆಗೆಯುವ ಕ್ರಮವನ್ನು ಇದೇ ಚಿತ್ರವನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ. ಮುಖ್ಯವಾಗಿ ಲೈಟ್‌ರೂಂ ಕ್ಲಾಸಿಕ್ ಮತ್ತು ಫೋಟೋಶಾಪ್ ಬಳಸಿದ್ದೇನೆ. ಉಚಿತ ತಂತ್ರಾಂಶಗಳಲ್ಲಿ ಇದೇ ಕೆಲಸ ಮಾಡುವ ದಾರಿಯನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಈ ಬಣ್ಣ ಎಲ್ಲಿಂದ ಬರುತ್ತದೆ

ಗಾಜು ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ಬಾಗಿಸುವುದಿಲ್ಲ, ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಹೀಗಾಗಿ ಒಂದೇ ಬಿಂದುವಿನಿಂದ ಬಂದ ಬೇರೆ ಬೇರೆ ಬಣ್ಣಗಳು ಲೆನ್ಸ್‌ನ ಹಿಂದೆ ಬೇರೆ ಬೇರೆ ದೂರದಲ್ಲಿ ಕೂಡಿಕೊಳ್ಳುತ್ತವೆ. ಪಠ್ಯಪುಸ್ತಕಗಳು ಇದನ್ನು ವರ್ಣವಿಪಥನ ಎನ್ನುತ್ತವೆ, ಸ್ಟುಡಿಯೋಗಳಲ್ಲಿ ಕ್ರೊಮ್ಯಾಟಿಕ್ ಅಬೆರೇಶನ್ ಎಂದೇ ರೂಢಿ. ಎರಡು ಬಗೆಯ ಗಾಜನ್ನು ಜೋಡಿಸಿ ಎರಡು ಬಣ್ಣಗಳನ್ನು ಒಂದೆಡೆ ಕೂಡಿಸುವ ಲೆನ್ಸ್‌ಗೆ ಜಾನ್ ಡಾಲಂಡ್ 1758ರಲ್ಲೇ ಲಂಡನ್ನಿನಲ್ಲಿ ಪೇಟೆಂಟ್ ಪಡೆದಿದ್ದ. ಅಂಥ ಜೋಡಣೆಯಲ್ಲಿ ಕೂಡ ಸ್ವಲ್ಪ ವ್ಯತ್ಯಾಸ ಉಳಿದೇ ಉಳಿಯುತ್ತದೆ: ಕೆಂಪು ಮತ್ತು ನೀಲಿ ಒಂದೆಡೆ ಸೇರುತ್ತವೆ, ಹಸಿರು ಮಾತ್ರ ಅವಕ್ಕಿಂತ ತುಸು ಮುಂದೆ, ಅಂದರೆ ಲೆನ್ಸ್‌ಗೆ ಹತ್ತಿರದಲ್ಲಿ ಸೇರುತ್ತದೆ.

ನಮ್ಮ ಚಿತ್ರದಲ್ಲಿ ಮುಂದೆ ನೇರಳೆ, ಹಿಂದೆ ಹಸಿರು ಏಕೆ ಬಂತೆಂಬುದಕ್ಕೆ ಈ ಒಂದು ಸಂಗತಿಯೇ ಉತ್ತರ. ಫೋಕಸ್ ಇರುವ ಕಣ್ಣಿಗಿಂತ ಮುಂದಿರುವ ಕೂದಲಿನ ಬಿಂಬ ಸೆನ್ಸರ್‌ನ ಹಿಂದೆ ಮೂಡುತ್ತದೆ. ಅಲ್ಲಿ ಕೆಂಪು ಮತ್ತು ನೀಲಿ ಇನ್ನೂ ಹಿಂದಕ್ಕೆ ಸೇರಬೇಕಾಗಿರುವುದರಿಂದ, ಸೆನ್ಸರ್ ಮೇಲೆ ಅವು ಹಸಿರಿಗಿಂತ ಹೆಚ್ಚು ಹರಡಿಕೊಂಡಿರುತ್ತವೆ. ಕೆಂಪೂ ನೀಲಿಯೂ ಸೇರಿದರೆ ನೇರಳೆ. ಕಣ್ಣಿಗಿಂತ ಹಿಂದಿರುವ ಭುಜದ ವಿಷಯದಲ್ಲಿ ಇದು ತಿರುಗುಮುರುಗಾಗಿ, ಹಸಿರೇ ಹೆಚ್ಚು ಹರಡುತ್ತದೆ. ಎರಡು ಮೀಟರ್ ದೂರದಲ್ಲಿ f/1.8ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಒಟ್ಟು ಸುಮಾರು 6 ಸೆಂಟಿಮೀಟರ್ ಮಾತ್ರವಾದ್ದರಿಂದ, ತಿರುಗಿ ನಿಂತ ವ್ಯಕ್ತಿಯ ಆಚೆಯ ಭುಜ ಬಹುತೇಕ ಯಾವಾಗಲೂ ಹಿಂದಿನ ಮಸುಕಿನಲ್ಲೇ ಇರುತ್ತದೆ.

ತಿದ್ದುವಾಗ ಬಹಳ ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿಯನ್ನು ಇಲ್ಲೇ ಗಮನಿಸಬೇಕು. ಕಿಟಕಿಯ ಭಾಗ ಪೂರ್ತಿ ಬಿಳಿಯಾಗಿ ಹೋಗಿದೆ, ಅಲ್ಲಿ ಬಣ್ಣ ತೋರಲು ಜಾಗವೇ ಇಲ್ಲ. ಹರಡಿದ ಬೆಳಕು ಕಾಣಿಸುವುದು ಕಪ್ಪಿರುವ ಕಡೆ, ಅಂದರೆ ಕೂದಲಿನ ಮೇಲೆ ಮತ್ತು ಸೀರೆಯ ಮೇಲೆ. ಫ್ರಿಂಜ್ ಎರಡರ ನಡುವಿನ ಗೆರೆಯಂತೆ ಕಂಡರೂ ಅದು ಕೂತಿರುವುದು ವ್ಯಕ್ತಿಯ ಮೇಲೆಯೇ. ಆದ್ದರಿಂದ ಅದನ್ನು ಅಳಿಸಿದ ಮೇಲೆ ಆ ಜಾಗಕ್ಕೆ ಮರಳಬೇಕಾದದ್ದು ಕೂದಲಿನ ಮತ್ತು ಸೀರೆಯ ಬಣ್ಣ, ಹಿನ್ನೆಲೆಯದ್ದಲ್ಲ.

ಮೊದಲು ಗುರುತಿಸಿ

ಚಿತ್ರವನ್ನು 200%ಗೆ ದೊಡ್ಡದು ಮಾಡಿ ತಲೆಯ ಎಡ ಮತ್ತು ಬಲ ಎರಡೂ ಬದಿಗಳನ್ನು ನೋಡಿರಿ. ಎರಡೂ ಬದಿಯಲ್ಲಿ ಒಂದೇ ಬಣ್ಣವಿದ್ದು, ಚಿತ್ರದ ನಡುವೆ ಕೂಡ ಅಷ್ಟೇ ದಟ್ಟವಾಗಿದ್ದರೆ, ಅದು ಮೇಲೆ ವಿವರಿಸಿದ ಬಗೆ. ಇದಕ್ಕೆ ಅಕ್ಷೀಯ ವಿಪಥನ ಎಂದು ಹೆಸರು. ಒಂದು ಬದಿಯಲ್ಲಿ ಕೆಂಪು, ಎದುರು ಬದಿಯಲ್ಲಿ ತಿಳಿನೀಲಿ ಅಥವಾ ಹಸಿರು ಕಾಣಿಸಿ, ಚಿತ್ರದ ಮೂಲೆಗಳಿಗೆ ಹೋದಂತೆ ಅಗಲವಾಗುತ್ತಾ ನಡುವೆ ಇಲ್ಲವೇ ಇಲ್ಲ ಎನ್ನುವಂತಿದ್ದರೆ ಅದು ಪಾರ್ಶ್ವ ವಿಪಥನ. ಅಲ್ಲಿ ಬಣ್ಣಗಳು ಮಸುಕಾಗಿರುವುದಿಲ್ಲ, ಒಂದೊಂದು ಬಣ್ಣದ ಬಿಂಬವೂ ತುಸು ಬೇರೆ ಗಾತ್ರದಲ್ಲಿ ಮೂಡಿರುತ್ತದೆ, ಅಷ್ಟೇ. ಈ ಎರಡಕ್ಕೆ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು ಫಲ ಕಾಣದೆ ಸ್ಲೈಡರುಗಳನ್ನು ಕೊನೆಯವರೆಗೆ ಎಳೆಯುವವರನ್ನು ನಾನು ಬಹಳ ನೋಡಿದ್ದೇನೆ.

ಮೂರನೆಯದೊಂದಿದೆ, ಅದು ಲೆನ್ಸ್‌ನ ದೋಷವೇ ಅಲ್ಲ. ನೀಲಿ ಆಕಾಶದ ಕೆಳಗೆ ಎಣ್ಣೆ ಹಚ್ಚಿದ ಕಪ್ಪು ಕೂದಲು ನೀಲಿಯಾಗಿ ಹೊಳೆಯುತ್ತದೆ, ಮದರಂಗಿ ಹಚ್ಚಿದ ಕೂದಲು ಹಿಂಬೆಳಕಿನಲ್ಲಿ ಕೆಂಪಾಗಿ ಉರಿಯುತ್ತದೆ, ಹುಲ್ಲುಹಾಸಿನ ಮೇಲೆ ನಿಂತವರ ಭುಜದ ಕೆಳಭಾಗಕ್ಕೆ ಹಸಿರು ಪ್ರತಿಫಲಿಸುತ್ತದೆ. ಇವನ್ನು ಫ್ರಿಂಜ್ ಎಂದು ತಿಳಿದು ಅಳಿಸಿದರೆ ನಿಜವಾದ ಬಣ್ಣವನ್ನೇ ಅಳಿಸಿದಂತಾಗುತ್ತದೆ. ವ್ಯತ್ಯಾಸ ತಿಳಿಯಲು ಒಂದು ಕೂದಲೆಳೆಯನ್ನು ಹಿಡಿದು ಒಳಕ್ಕೆ ಸಾಗಿರಿ. ಬೆಳಕಿನ ಹಿನ್ನೆಲೆ ಬಿಟ್ಟು ತಲೆಯ ಮೇಲಿನ ಕಪ್ಪಿನೊಳಗೆ ಹೊಕ್ಕ ಮೇಲೂ ಎಳೆಗೆ ಅದೇ ಬಣ್ಣವಿದ್ದರೆ ಅದು ಕೂದಲಿನದೇ. ಹಿನ್ನೆಲೆಯ ಬಿಳುಪು ಮುಗಿದ ಕಡೆಯೇ ಬಣ್ಣವೂ ಮುಗಿದರೆ ಅದು ಫ್ರಿಂಜ್.

ನಮ್ಮ ಚಿತ್ರದಲ್ಲಿ ಹಣೆಯ ಬಳಿಯ ನೇರಳೆ ಸುಮಾರು 6 ಪಿಕ್ಸೆಲ್ ಅಗಲವಿತ್ತು. ಎಷ್ಟು ಶ್ರಮ ಪಡಬೇಕೆಂಬುದನ್ನು ಈ ಅಳತೆಯೇ ನಿರ್ಧರಿಸುತ್ತದೆ. 4000 × 6000 ಪಿಕ್ಸೆಲ್‌ನ ಈ ನಿಲುವು ಚಿತ್ರವನ್ನು ಆಲ್ಬಮ್‌ಗಾಗಿ 12 × 18 ಇಂಚಿಗೆ, ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಆ 6 ಪಿಕ್ಸೆಲ್ ಕಾಗದದ ಮೇಲೆ ಅರ್ಧ ಮಿಲಿಮೀಟರ್‌ಗೆ ಹತ್ತಿರ ಬರುತ್ತದೆ. ಆಲ್ಬಮ್ ತೆರೆದವರಿಗೆ ಅದು ಕಂಡೇ ಕಾಣುತ್ತದೆ. ಅದೇ ಚಿತ್ರವನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ಫೋನಿಗೆ ಕಳುಹಿಸುವುದಾದರೆ ಉಳಿಯುವುದು ಒಂದೂವರೆ ಪಿಕ್ಸೆಲ್. ಆಗ ಮುಂದಿನ ಹಂತಗಳಲ್ಲಿ ಮೊದಲ ಮೂರು ಸಾಕು.

ಹಂತ 1: ತಳಪಾಯ

ಸಾಧ್ಯವಾದಷ್ಟೂ ರಾ ಫೈಲಿನಿಂದಲೇ ಆರಂಭಿಸಬೇಕು. ಜೆಪೆಗ್ ಮಾಡುವಾಗ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಒರಟಾಗಿ ಉಳಿಸಲಾಗುತ್ತದೆ, ಹಾಗಾಗಿ ಫ್ರಿಂಜ್ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೂ ಸೋರಿರುತ್ತದೆ. ಮೊದಲು ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಶರ್ ಸರಿಪಡಿಸಿರಿ, ಏಕೆಂದರೆ ಇವು ಬದಲಾದರೆ ಫ್ರಿಂಜ್‌ನ ಬಣ್ಣವೂ ಬದಲಾಗಿ ಮುಂದೆ ಆರಿಸುವ ಬಣ್ಣದ ವ್ಯಾಪ್ತಿ ತಪ್ಪಿಹೋಗುತ್ತದೆ. Clarity, Texture, Dehaze ಮೂರನ್ನೂ ಸದ್ಯಕ್ಕೆ ಸೊನ್ನೆಗೆ ತಂದಿಡಿರಿ. ಇವು ಅಂಚಿನ ವ್ಯತ್ಯಾಸವನ್ನು ಹೆಚ್ಚಿಸುವಾಗ ಫ್ರಿಂಜನ್ನೂ ಎತ್ತಿ ತೋರಿಸುತ್ತವೆ. ಶಾರ್ಪನಿಂಗ್ ಹೆಚ್ಚಿಸುವುದಿದ್ದರೆ ಎಲ್ಲ ಮುಗಿದ ಮೇಲೆ.

ಹಂತ 2: ಪಾರ್ಶ್ವ ವಿಪಥನಕ್ಕೆ ಒಂದೇ ಗುರುತು

Develop ವಿಭಾಗದ Lens Corrections ಫಲಕದಲ್ಲಿ Profile ಎಂಬ ಭಾಗಕ್ಕೆ ಹೋಗಿ Remove Chromatic Aberration ಎಂಬುದಕ್ಕೆ ಗುರುತು ಹಾಕಿರಿ. ಕ್ಯಾಮೆರಾ ರಾದಲ್ಲಿ ಇದು Optics ಫಲಕದಲ್ಲಿದೆ. ಇದು ಮೂರು ಬಣ್ಣಗಳ ಬಿಂಬಗಳನ್ನು ಹಿಗ್ಗಿಸಿ ಕುಗ್ಗಿಸಿ ಒಂದರ ಮೇಲೊಂದು ಕೂರಿಸುತ್ತದೆ. ನಮ್ಮ ಚಿತ್ರದಲ್ಲಿ ಮೂಲೆಯ ಕಿಟಕಿಸರಳುಗಳ ಕೆಂಪು ಗೆರೆ ಹೋಯಿತು, ಕೂದಲಿನ ನೇರಳೆ ಮಾತ್ರ ಸ್ವಲ್ಪವೂ ಕದಲಲಿಲ್ಲ. ಹಾಗೆ ಕದಲದಿದ್ದುದೇ ಅದು ಅಕ್ಷೀಯ ವಿಪಥನವೆಂಬುದಕ್ಕೆ ಇನ್ನೊಂದು ಸಾಕ್ಷಿ. ಒಂದು ಬದಿಯಿಂದ ಕತ್ತರಿಸಿ ಉಳಿಸಿದ ಜೆಪೆಗ್ ಆದರೆ ಈ ಗುರುತು ಸರಿಯಾಗಿ ಕೆಲಸ ಮಾಡದಿರಬಹುದು, ಏಕೆಂದರೆ ಲೆನ್ಸ್‌ನ ಕೇಂದ್ರ ಈಗ ಚಿತ್ರದ ಕೇಂದ್ರದಲ್ಲಿ ಇರುವುದಿಲ್ಲ.

ಹಂತ 3: ಇಡೀ ಚಿತ್ರಕ್ಕೆ, ಆದರೆ ಇಕ್ಕಟ್ಟಾದ ವ್ಯಾಪ್ತಿಯಲ್ಲಿ

ಅದೇ ಫಲಕದ Manual ಭಾಗದಲ್ಲಿ Defringe ಇದೆ. ನೇರಳೆಗೊಂದು, ಹಸಿರಿಗೊಂದು Amount ಸ್ಲೈಡರ್, ಪ್ರತಿಯೊಂದರ ಕೆಳಗೆ ಯಾವ ಬಣ್ಣದಿಂದ ಯಾವ ಬಣ್ಣದವರೆಗೆ ಎಂಬುದನ್ನು ಗೊತ್ತುಮಾಡುವ ಎರಡು ಹಿಡಿಗಳ Hue ಸ್ಲೈಡರ್. Amount 0ಯಿಂದ 20ರವರೆಗೆ ಹೋಗುತ್ತದೆ. Hue ಹಿಡಿಗಳು ಆರಂಭದಲ್ಲಿ ನೇರಳೆಗೆ 30 ಮತ್ತು 70, ಹಸಿರಿಗೆ 40 ಮತ್ತು 60ರಲ್ಲಿರುತ್ತವೆ.

ಪಕ್ಕದಲ್ಲಿರುವ ಡ್ರಾಪರ್ ಹಿಡಿದು ಫ್ರಿಂಜ್ ಮೇಲೆ ಒಮ್ಮೆ ಒತ್ತಿದರೆ ತಂತ್ರಾಂಶವೇ ಪ್ರಮಾಣವನ್ನೂ ವ್ಯಾಪ್ತಿಯನ್ನೂ ಅಂದಾಜು ಮಾಡುತ್ತದೆ. ಬಿಡಿಕೂದಲ ಮೇಲೆ ಒತ್ತಬೇಡಿರಿ. ಅಷ್ಟು ತೆಳ್ಳಗಿನ ಎಳೆಯಲ್ಲಿ ಹಿನ್ನೆಲೆಯ ಬಿಳುಪು ಬೆರೆತು ಬಣ್ಣ ಮಂಕಾಗಿರುತ್ತದೆ. ಕಿವಿಯ ಪಕ್ಕ, ಬಾಚಿದ ಕೂದಲು ಒತ್ತಾಗಿ ಮುಗಿಯುವ ಕಡೆ, ಬಣ್ಣ ದಟ್ಟವಾಗಿರುವ ಪಿಕ್ಸೆಲ್ ಹುಡುಕಿ ಅಲ್ಲಿ ಒತ್ತಿರಿ. ನಮ್ಮ ಚಿತ್ರದಲ್ಲಿ Purple Amount 7 ಎಂದು ಬಂತು. ಅದನ್ನು ಹಾಗೇ ಒಪ್ಪಿಕೊಳ್ಳಲಿಲ್ಲ, ಸೊನ್ನೆಗೆ ಇಳಿಸಿ ನಿಧಾನವಾಗಿ ಏರಿಸಿದಾಗ 4ರಲ್ಲೇ ದಟ್ಟ ನೇರಳೆ ಮಾಯವಾಗಿತ್ತು. ಅಲ್ಲಿಂದ ಮುಂದೆ ಏರಿಸಿದರೆ ಫ್ರಿಂಜ್ ಕಡಿಮೆಯಾಗುವುದಕ್ಕಿಂತ ಕೂದಲಿನ ಕಂದುಬಣ್ಣ ಬತ್ತುವುದೇ ಹೆಚ್ಚು.

ನಿಜವಾದ ಕೆಲಸವಿರುವುದು Hue ಹಿಡಿಗಳಲ್ಲಿ. ಕೀಲಿಮಣೆಯ Alt ಒತ್ತಿ ಹಿಡಿದು ಇವನ್ನು ಎಳೆದರೆ ಪರಿಣಾಮಕ್ಕೆ ಒಳಗಾಗುವ ಬಣ್ಣಗಳು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತವೆ. ಮ್ಯಾಕ್‌ನಲ್ಲಾದರೆ Option ಕೀಲಿ. ಮೊದಲು ಹಾಗೆ ನೋಡಿದಾಗ ಕೂದಲಿನ ಗಡಿಯ ಜೊತೆಗೆ ಸೀರೆಯ ನೆರಿಗೆಗಳಲ್ಲಿ ಜರಿಯೂ ರೇಷ್ಮೆಯೂ ಸಂಧಿಸುವ ಕಡೆಯೆಲ್ಲ ಕಪ್ಪಾಗಿತ್ತು. ಇದು ಆಕಸ್ಮಿಕವಲ್ಲ. Defringe ಹುಡುಕುವುದು ಬೆಳಕು ಕತ್ತಲೆಗಳು ಸಂಧಿಸುವ ಗಡಿಯಲ್ಲಿರುವ ನೇರಳೆಯನ್ನು. ಹೊಳೆಯುವ ಜರಿಯ ಪಕ್ಕದ ಬದನೆಕಾಯಿ ಬಣ್ಣ ಅದಕ್ಕೆ ಫ್ರಿಂಜ್‌ನಂತೆಯೇ ಕಾಣುತ್ತದೆ. ಎಡದ ಹಿಡಿಯನ್ನು 30ರಿಂದ 36ಕ್ಕೆ, ಬಲದ ಹಿಡಿಯನ್ನು 70ರಿಂದ 56ಕ್ಕೆ ತಂದಾಗ ಕೂದಲಿನ ಫ್ರಿಂಜ್ ಕಪ್ಪಾಗಿಯೇ ಉಳಿದು ಸೀರೆಯ ಹೆಚ್ಚಿನ ಭಾಗ ಬಿಟ್ಟುಹೋಯಿತು. ಎರಡು ಹಿಡಿಗಳ ನಡುವೆ ಕನಿಷ್ಠ 10ರ ಅಂತರ ಇರಲೇಬೇಕು, ಅದಕ್ಕಿಂತ ಹತ್ತಿರಕ್ಕೆ ಅವು ಬರುವುದಿಲ್ಲ.

ಹಸಿರಿಗೂ ಇದೇ ಕ್ರಮ. ಭುಜದ ಗೆರೆಯ ಮೇಲೆ ಡ್ರಾಪರ್ ಒತ್ತಿ, Green Amount 3ಕ್ಕೆ ನಿಲ್ಲಿಸಿದೆ. ಹಿನ್ನೆಲೆಯಲ್ಲಿ ಮಸುಕಾಗಿ ಕಾಣುವ ಮಾವಿನ ತೋರಣದ ಎಲೆಗಳ ಅಂಚೂ ಇಲ್ಲಿ ಸಿಕ್ಕಿಬಿದ್ದಿತು. ಎಲೆಯ ಹಸಿರಿಗೂ ಫ್ರಿಂಜ್‌ನ ಹಸಿರಿಗೂ ಅಂತರ ಬಹಳ ಕಡಿಮೆ ಇದ್ದುದರಿಂದ ವ್ಯಾಪ್ತಿ ಇಕ್ಕಟ್ಟು ಮಾಡಿ ಬಿಡಿಸಲು ಸಾಧ್ಯವಾಗಲಿಲ್ಲ. ಅದಕ್ಕೆ ಪರಿಹಾರ ಮುಂದಿನ ಹಂತದಲ್ಲಿದೆ.

ಮೊಗ್ಗಿನ ಜಡೆಯ ವಿಷಯದಲ್ಲಿ ಯೋಚನೆಯಿಲ್ಲ. ಮಲ್ಲಿಗೆಗೆ ಕಳೆದುಕೊಳ್ಳಲು ಬಣ್ಣವಿಲ್ಲ, ಅದರ ಮೇಲಿನ ನೇರಳೆ ಹೋದರೆ ಉಳಿಯುವುದು ಬಿಳುಪೇ.

ಹಂತ 4: ಉಳಿಸಬೇಕಾದುದನ್ನು ಕಾಪಾಡುವುದು

ಮಾಸ್ಕಿಂಗ್‌ನಲ್ಲಿ ಹೊಸ ಬ್ರಷ್ ತೆಗೆದುಕೊಂಡು ಅದರ Defringe ಸ್ಲೈಡರನ್ನು −100ಕ್ಕೆ ಇಟ್ಟು ಸೀರೆಯ ಮೇಲೆ ಬಳಿದರೆ, ಇಡೀ ಚಿತ್ರಕ್ಕೆ ಕೊಟ್ಟ ಫ್ರಿಂಜ್ ತಿದ್ದುಪಡಿ ಆ ಜಾಗಕ್ಕೆ ತಟ್ಟುವುದಿಲ್ಲ. ಈ ಸ್ಲೈಡರ್‌ನ ಋಣ ಭಾಗ ಇರುವುದೇ ಈ ರಕ್ಷಣೆಗೆ ಎಂಬುದನ್ನು ತಿಳಿಯದೆ ನಾನು ಹಿಂದೊಮ್ಮೆ ಇಡೀ ಆಲ್ಬಮ್ ಮುದ್ರಣಕ್ಕೆ ಕಳುಹಿಸಿದ್ದೆ. ಆಲ್ಬಮ್ ನೋಡಿದ ವಧುವಿನ ತಾಯಿ ಮೊದಲು ಕೇಳಿದ್ದು, ಜರಿಯ ಪಕ್ಕದ ರೇಷ್ಮೆ ಏಕೆ ಬೂದಿ ಹಿಡಿದಂತಿದೆ ಎಂದು. ಆ ಸೀರೆಯನ್ನು ಆರಿಸಿದವರು ಅವರು. ಬಣ್ಣ ಅವರಿಗೆ ನೆನಪಿತ್ತು.

ಬ್ರಷ್ ಅನ್ನು ಭುಜದ ಗಡಿಯವರೆಗೂ ಒಯ್ಯಬಾರದು, ಫ್ರಿಂಜ್ ಇರುವುದು ಅಲ್ಲಿಯೇ. ಗಡಿಯಿಂದ ಹತ್ತು ಹದಿನೈದು ಪಿಕ್ಸೆಲ್ ಒಳಗೆ ನಿಲ್ಲಿಸಿ, Feather ಸಾಕಷ್ಟು ಇಟ್ಟುಕೊಂಡರೆ ಸೇರುವಲ್ಲಿ ಗೆರೆ ಕಾಣುವುದಿಲ್ಲ. ತೋರಣದ ಎಲೆಗಳಿಗೂ ಇದೇ ಮಾಸ್ಕ್ ಬಳಿಯಿರಿ.

ಹಂತ 5: ಹಟಮಾರಿ ಎಳೆಗಳು

ಇಷ್ಟಾದ ಮೇಲೂ ಹಣೆಯ ಮುಂದೆ ಹಾರಿದ ಮೂರು ನಾಲ್ಕು ಎಳೆಗಳಲ್ಲಿ ತೆಳುನೇರಳೆ ಉಳಿದಿತ್ತು. ಇಡೀ ಚಿತ್ರದ Amount ಏರಿಸುವ ಬದಲು, ಇನ್ನೊಂದು ಬ್ರಷ್‌ನಲ್ಲಿ Defringe +40 ಇಟ್ಟು ಆ ಎಳೆಗಳ ಮೇಲೆ ಮಾತ್ರ ಎಳೆದೆ. ಬ್ರಷ್‌ನ Defringe ನೇರಳೆ, ಹಸಿರು ಎಂದು ಭೇದ ಮಾಡುವುದಿಲ್ಲ, ಗಡಿಯಲ್ಲಿ ಕಂಡ ಯಾವುದೇ ಬಣ್ಣವನ್ನಾದರೂ ತೆಗೆಯುತ್ತದೆ. ಹಳದಿಯೋ ಕೆಂಪೋ ಆಗಿರುವ ಫ್ರಿಂಜ್‌ಗೆ ಇದು ಅನುಕೂಲ, ಆದರೆ ಹಣೆಯ ಚರ್ಮಕ್ಕೆ, ಕುಂಕುಮದ ಗಡಿಗೆ ತಾಗಿದರೆ ಅಲ್ಲಿನ ಬಣ್ಣವೂ ಹೋಗುತ್ತದೆ. ಎಳೆಗಿಂತ ತುಸುವೇ ದಪ್ಪದ ಬ್ರಷ್ ಇಟ್ಟುಕೊಳ್ಳುವುದು ಕ್ಷೇಮ.

ಹಂತ 6: ಬೂದಿಗೆರೆಗೆ ಜೀವ ಕೊಡುವುದು

ಇಲ್ಲಿಯವರೆಗೆ ಬಂದು ಹೆಚ್ಚಿನವರು ನಿಲ್ಲಿಸುತ್ತಾರೆ, ಮತ್ತು ಕೆಡುವುದೂ ಇಲ್ಲಿಯೇ. Defringe ಬಣ್ಣವನ್ನು ತೆಗೆಯುತ್ತದೆ, ಹರಡಿದ ಬೆಳಕನ್ನು ತೆಗೆಯುವುದಿಲ್ಲ. ನೇರಳೆ ಇದ್ದ ಕಡೆ ಈಗ ಅದೇ ಅಗಲದ ಬೂದುಬಣ್ಣದ ಗೆರೆಯಿದೆ. ಬೆಚ್ಚಗಿನ ಬೆಳಕಿನ ನಡುವೆ ಈ ತಣ್ಣನೆಯ ಗೆರೆ ತಲೆಯನ್ನು ಕತ್ತರಿಸಿ ಅಂಟಿಸಿದಂತೆ ತೋರಿಸುತ್ತದೆ. ನನಗಂತೂ ಸ್ವಲ್ಪ ನೇರಳೆ ಉಳಿದ ಚಿತ್ರಕ್ಕಿಂತ ಇದು ಹೆಚ್ಚು ಕಣ್ಣಿಗೆ ಚುಚ್ಚುತ್ತದೆ.

ಚಿತ್ರವನ್ನು 16 ಬಿಟ್‌ನಲ್ಲಿ ಫೋಟೋಶಾಪ್‌ಗೆ ಒಯ್ದು, ಮೇಲೊಂದು ಖಾಲಿ ಲೇಯರ್ ಸೇರಿಸಿ, ಅದರ ಬ್ಲೆಂಡ್ ಮೋಡ್ ಅನ್ನು Color ಎಂದು ಮಾಡಿರಿ. ಈ ಲೇಯರ್‌ನಲ್ಲಿ ಏನು ಬಳಿದರೂ ಕೆಳಗಿನ ಬೆಳಕು ನೆರಳು ಹಾಗೇ ಉಳಿದು ಬಣ್ಣ ಮಾತ್ರ ಬದಲಾಗುತ್ತದೆ. ಮೆತ್ತನೆಯ ಬ್ರಷ್, ಅಗಲ 8 ಪಿಕ್ಸೆಲ್ ಆಸುಪಾಸು, Flow 10% ಇಟ್ಟುಕೊಳ್ಳಿರಿ. ಐಡ್ರಾಪರ್ ಸಾಧನದ Sample Size ಅನ್ನು 5 by 5 Average ಎಂದು ಮಾಡಿಕೊಂಡು, Alt ಹಿಡಿದು, ಗಡಿಯಿಂದ ಇಪ್ಪತ್ತು ಪಿಕ್ಸೆಲ್‌ನಷ್ಟು ಒಳಗಿರುವ ಕೂದಲಿನ ಬಣ್ಣವನ್ನು ಎತ್ತಿಕೊಳ್ಳಿರಿ. ಕಪ್ಪು ಕೂದಲೆಂದು ನಾವು ಕರೆಯುವುದು ಹಿಂಬೆಳಕಿನಲ್ಲಿ ಕಂದು. ತೀರಾ ಕಪ್ಪಾದ ಕಡೆಯಿಂದ ಎತ್ತಿದರೆ ಅದರಲ್ಲಿ ಬಣ್ಣವೇ ಇರುವುದಿಲ್ಲ. ಬೆಳಕು ತಾಗಿದ ಒಂದು ಎಳೆಯಿಂದಲೇ ಎತ್ತಬೇಕು. ಆಮೇಲೆ ಬೂದಿಗೆರೆಯ ಮೇಲೆ, ಕೂದಲು ಬೆಳೆದ ದಿಕ್ಕಿನಲ್ಲೇ, ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಭುಜಕ್ಕೆ ಬಂದಾಗ ಸೀರೆಯಿಂದ ಹೊಸದಾಗಿ ಬಣ್ಣ ಎತ್ತಿಕೊಳ್ಳಿರಿ. ಬ್ರಷ್ ಕಿಟಕಿಯ ಅಚ್ಚಬಿಳಿಯ ಮೇಲೆ ಹಾದುಹೋದರೆ ಚಿಂತೆ ಬೇಡ, Color ಮೋಡ್‌ನಲ್ಲಿ ಅಚ್ಚಬಿಳಿ ಬಣ್ಣ ಹಿಡಿಯುವುದಿಲ್ಲ.

ಹತ್ತಾರು ಎಳೆಗಳು ಹೆಣೆದುಕೊಂಡ ಕಡೆ ಒಂದೊಂದನ್ನೂ ಬಳಿಯುವುದು ಆಗದ ಮಾತು. ಅಲ್ಲಿಗೆ ಮೂಲ ಲೇಯರ್‌ನ ನಕಲು ಮಾಡಿ, Gaussian Blur ಕೊಟ್ಟು, ಮೋಡ್ Color ಮಾಡಿ, ಕಪ್ಪು ಮಾಸ್ಕ್ ಹಾಕಿ, ಬೇಕಾದ ಜಾಗದಲ್ಲಿ ಮಾತ್ರ ಬಿಳಿಯಿಂದ ತೆರೆಯಬಹುದು. ಮಸುಕು ಮಾಡಿದಾಗ ಬೂದಿಯ ಮೇಲೆ ಸುತ್ತಲಿನ ಬಣ್ಣದ ಸರಾಸರಿ ಬಂದು ಕೂರುತ್ತದೆ. ನಮ್ಮ 6 ಪಿಕ್ಸೆಲ್ ಗೆರೆಗೆ 20 ಪಿಕ್ಸೆಲ್ Radius ಸಾಕಾಯಿತು. ಕಡಿಮೆಯಾದರೆ ಬೂದಿಯೇ ಉಳಿಯುತ್ತದೆ, ತೀರಾ ಹೆಚ್ಚಾದರೆ ಹಣೆಯ ಬಣ್ಣ ಕೂದಲಿಗೆ ಹರಿಯುತ್ತದೆ.

ಬಣ್ಣ ಬಂದ ಮೇಲೂ ಗೆರೆ ತುಸು ತಿಳಿಯಾಗಿ ಕಾಣುತ್ತಿದ್ದರೆ, Curves ಹೊಂದಾಣಿಕೆ ಲೇಯರ್ ಒಂದನ್ನು ಸೇರಿಸಿ ನಡುವನ್ನು ಸ್ವಲ್ಪ ಕೆಳಗೆಳೆದು, ಮಾಸ್ಕ್ ಅನ್ನು ಕಪ್ಪಾಗಿಸಿ, ಗೆರೆಯ ಮೇಲೆ 20% ಬಲದ ಬ್ರಷ್‌ನಿಂದ ಮಾತ್ರ ತೆರೆಯಿರಿ. ಇಲ್ಲೊಂದು ಎಚ್ಚರಿಕೆ ಬೇಕು. ಹಿಂಬೆಳಕು ಕೂದಲಿನ ಮೇಲೆ ನಿಜವಾಗಿಯೂ ಹೊಳಪಿನ ಗೆರೆ ಮೂಡಿಸಿರುತ್ತದೆ, ಈ ಚಿತ್ರದ ಚೆಲುವಿರುವುದೇ ಅದರಲ್ಲಿ. ನಿಜವಾದ ಹೊಳಪಿನಲ್ಲಿ ಎಳೆಗಳ ನೇಯ್ಗೆ ಕಾಣುತ್ತದೆ, ಫ್ರಿಂಜ್ ಬಿಟ್ಟುಹೋದ ಬೆಳಕು ನೇಯ್ಗೆಯಿಲ್ಲದ ಮಂಜಿನಂತಿರುತ್ತದೆ. ಮಂಜನ್ನು ಕಪ್ಪಾಗಿಸಿ, ಹೊಳಪನ್ನು ಬಿಡಿರಿ.

ಹಂತ 7: ಪರೀಕ್ಷೆ

100%ಗೆ ಮರಳಿ ನೋಡಿರಿ. 200%ರಲ್ಲಿ ಕುಳಿತು ಬಹಳ ಹೊತ್ತು ಕೆಲಸ ಮಾಡಿದ ಕಣ್ಣು ಇಲ್ಲದ ದೋಷಗಳನ್ನೂ ಕಾಣತೊಡಗುತ್ತದೆ. ತಾತ್ಕಾಲಿಕವಾಗಿ ಒಂದು Hue/Saturation ಲೇಯರ್ ಸೇರಿಸಿ Saturation +60 ಮಾಡಿದರೆ ಬಿಟ್ಟುಹೋದ ನೇರಳೆ ಹಸಿರುಗಳು ತಾವಾಗಿ ಎದ್ದು ಕಾಣುತ್ತವೆ. ಗಡಿಯಲ್ಲಿ ಸುತ್ತಲಿನ ಬಣ್ಣಕ್ಕೆ ಹೊಂದದೆ ಬೂದಿಯಾಗಿಯೇ ಉಳಿದ ತುಣುಕುಗಳೂ ಕಾಣುತ್ತವೆ. ನೋಡಿ ಮುಗಿದ ಮೇಲೆ ಆ ಲೇಯರ್ ಅಳಿಸಿರಿ. ಆಲ್ಬಮ್ ಮುದ್ರಣಕ್ಕೆ ಮುನ್ನ ತಲೆ ಮತ್ತು ಭುಜದ ಭಾಗವನ್ನಷ್ಟೇ ಅಂತಿಮ ಗಾತ್ರದಲ್ಲಿ ಒಂದು ಸಣ್ಣ ಕಾಗದಕ್ಕೆ ಮುದ್ರಿಸಿ ನೋಡುವುದು ನನ್ನ ರೂಢಿ.

ಉಚಿತ ತಂತ್ರಾಂಶಗಳಲ್ಲಿ

ಡಾರ್ಕ್‌ಟೇಬಲ್‌ನಲ್ಲಿ ಪಾರ್ಶ್ವ ವಿಪಥನಕ್ಕೆ raw chromatic aberrations ಎಂಬ ಮಾಡ್ಯೂಲ್ ಇದೆ, ಉಳಿದುದಕ್ಕೆ chromatic aberrations ಎಂಬ ಬೇರೊಂದು ಮಾಡ್ಯೂಲ್. ಎರಡನೆಯದು ಹಸಿರು ಚಾನೆಲ್ ಅನ್ನು ಮಾದರಿಯಾಗಿಟ್ಟುಕೊಂಡು ಕೆಂಪು ನೀಲಿಗಳನ್ನು ಅದಕ್ಕೆ ಹೊಂದಿಸುತ್ತದೆ. ಅದರ radius ಅನ್ನು ಫ್ರಿಂಜ್ ಹೋಗುವವರೆಗೆ ಮಾತ್ರ ಏರಿಸಿ, ಕೈಯಿಂದ ಬಿಡಿಸಿದ ಮಾಸ್ಕ್‌ನಿಂದ ಸೀರೆಯನ್ನು ಹೊರಗಿಡಬಹುದು. ರಾಥೆರಪಿಯಲ್ಲಿ Detail ಭಾಗದ Defringe ಇದೇ ಕೆಲಸಕ್ಕಿದೆ, ಬಣ್ಣದ ವ್ಯಾಪ್ತಿಯನ್ನು ಅಲ್ಲಿ ಒಂದು ವಕ್ರರೇಖೆಯಿಂದ ಗೊತ್ತುಮಾಡಬೇಕು. ಆರನೆಯ ಹಂತದ ಬಣ್ಣ ಬಳಿಯುವ ಕೆಲಸಕ್ಕೆ ಗಿಂಪ್‌ನಲ್ಲಿ ಲೇಯರ್ ಮೋಡ್ ಅನ್ನು LCh Color ಎಂದು ಆರಿಸಿಕೊಂಡರೆ ಕ್ರಮ ಒಂದೇ.

ತಿದ್ದಲು ಬಾರದ ಸ್ಥಿತಿ

ಫ್ರಿಂಜ್ ಹದಿನೈದು ಇಪ್ಪತ್ತು ಪಿಕ್ಸೆಲ್ ದಾಟಿದ್ದರೆ, ಅಥವಾ ಹಿಂಬೆಳಕು ಕೂದಲಿನ ಗಡಿಯನ್ನೇ ತಿಂದುಹಾಕಿದ್ದರೆ, ಬಣ್ಣ ತೆಗೆದ ಮೇಲೆ ಕೆಳಗೆ ಎಳೆಗಳೇ ಉಳಿದಿರುವುದಿಲ್ಲ, ಬಳಿಯಲು ಆಧಾರವಿರುವುದಿಲ್ಲ. ಅಂಥ ಚಿತ್ರ ಬಿಡಲಾರದಷ್ಟು ಒಳ್ಳೆಯದಾಗಿದ್ದರೆ ಅದನ್ನು ಕಪ್ಪುಬಿಳುಪಿಗೆ ತಿರುಗಿಸುವುದು ಒಂದು ದಾರಿ. ಹಾಗೆ ಮಾಡುವಾಗ Defringe ಅನ್ನು ಸೊನ್ನೆಗೆ ತಂದು, ಲೈಟ್‌ರೂಂನ B&W ಫಲಕದಲ್ಲಿ Purple ಮತ್ತು Magenta ಸ್ಲೈಡರುಗಳನ್ನು ಕೆಳಕ್ಕೆ ಎಳೆಯಿರಿ. ಆಗ ನೇರಳೆ ಫ್ರಿಂಜ್ ಕಪ್ಪಾಗಿ ಕೂದಲಿನಲ್ಲೇ ಕರಗಿಹೋಗುತ್ತದೆ. ತೊಂದರೆ ಕೊಡುತ್ತಿದ್ದ ಬಣ್ಣವೇ ಇಲ್ಲಿ ಮಾಸ್ಕ್‌ನ ಕೆಲಸ ಮಾಡಿಕೊಡುತ್ತದೆ. ಬದನೆಕಾಯಿ ಬಣ್ಣದ ಸೀರೆಯೂ ಅದರ ಜೊತೆ ಕಪ್ಪಾಗುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಮುಂದಿನ ಸಲ ಅದೇ ಕಿಟಕಿಯ ಮುಂದೆ ನಿಲ್ಲಿಸುವಾಗ, ಮುಹೂರ್ತಕ್ಕೆ ಮುನ್ನ ಕಪ್ಪು ಕೂದಲಿನ ಯಾರನ್ನಾದರೂ ಅಲ್ಲಿ ನಿಲ್ಲಿಸಿ f/1.8, f/2.8, f/4 ಮೂರರಲ್ಲೂ ಒಂದೊಂದು ಚಿತ್ರ ತೆಗೆದು ಕ್ಯಾಮೆರಾದ ಪರದೆಯಲ್ಲೇ ದೊಡ್ಡದು ಮಾಡಿ ನೋಡಿರಿ. ಅಕ್ಷೀಯ ವಿಪಥನ ಅಪರ್ಚರ್ ಕಿರಿದಾದಂತೆ ಬೇಗ ಇಳಿಯುತ್ತದೆ. ನನ್ನ ಲೆನ್ಸ್‌ನಲ್ಲಿ f/2.8ಕ್ಕೆ ಮೂರನೆಯ ಹಂತದಲ್ಲೇ ಕೆಲಸ ಮುಗಿಯುವಷ್ಟು ಕಡಿಮೆಯಾಗುತ್ತದೆ, f/4ಕ್ಕೆ ಹುಡುಕಿದರೂ ಸಿಗುವುದು ಕಷ್ಟ. ಎದುರಿನಿಂದ ಬಿಳಿಯ ರಿಫ್ಲೆಕ್ಟರ್ ಹಿಡಿದು ಮುಖದ ಬೆಳಕನ್ನು ಒಂದು ಸ್ಟಾಪ್ ಏರಿಸಿದರೆ ಕಿಟಕಿಯ ಎಕ್ಸ್‌ಪೋಶರ್ ಅಷ್ಟೇ ಇಳಿಯುತ್ತದೆ, ಕೂದಲಿನ ಮೇಲೆ ಚೆಲ್ಲುವ ಬೆಳಕೂ ಅದರ ಜೊತೆಗೇ ಅರ್ಧಕ್ಕೆ ಇಳಿಯುತ್ತದೆ.